ಜಾಸ್ತಿ ಶಿಯರ್ ಇರುವಲ್ಲಿ ಮಣ್ಣು ಯಾಕೆ ಜಾರುವುದಿಲ್ಲ? ಮೋರ್ ವೃತ್ತದ ಮೇಲೆ ಸರಿಯಾದ ಬಿಂದು

ಪ್ರಶ್ನೆ: ಸರ್, ನಾನು ಸಿವಿಲ್ ಮೂರನೇ ವರ್ಷದ ವಿದ್ಯಾರ್ಥಿನಿ. ಡ್ರೇನ್ಡ್ ಟ್ರೈಆಕ್ಸಿಯಲ್ ಟೆಸ್ಟಿನ ಒಂದು ಲೆಕ್ಕ ಕೊಟ್ಟಿದ್ದರು. ಸೆಲ್ ಪ್ರೆಶರ್ 100 ಇದ್ದಾಗ ಮಣ್ಣು σ₁ = 340ಕ್ಕೆ ಫೇಲ್ ಆಗಿದೆ, 200 ಇದ್ದಾಗ 640ಕ್ಕೆ. ಎಲ್ಲವೂ ಕಿಲೋಪಾಸ್ಕಲ್. ಮೊದಲ ಟೆಸ್ಟಿನಲ್ಲಿ ಫೇಲ್ಯೂರ್ ಪ್ಲೇನ್ ಮೇಲಿನ ಶಿಯರ್ ಸ್ಟ್ರೆಸ್ 120 ಅಂತ ಬರೆದೆ, ವೃತ್ತದ ನೆತ್ತಿ ಅಷ್ಟೇ ಎತ್ತರ ಇದೆ. ಉತ್ತರ 104 ಅಂತೆ. ಶಿಯರ್ ಜಾಸ್ತಿ ಇರುವಲ್ಲೇ ಮಣ್ಣು ಜಾರಬೇಕು ಅಲ್ವಾ? ಇನ್ನೊಂದು ವಿಷಯ, ಮಂಗಳೂರಿನ ನಮ್ಮ ಮನೆ ಹಿಂದೆ ಗುಡ್ಡ ಕಡಿದು ನಾಲ್ಕು ಮೀಟರ್ ಎತ್ತರದ ಕಲ್ಲಿನ ಗೋಡೆ ಕಟ್ಟಿದ್ದಾರೆ. ಕೆಳಗೆಲ್ಲ ಶೇಡಿ ಮಣ್ಣು. ಈ ವೃತ್ತದಿಂದ ಅಲ್ಲಿಗೆ ಏನಾದರೂ ಹೇಳಬಹುದಾ?

ಉತ್ತರ: ನಿಮ್ಮ ವೃತ್ತ ಸರಿ ಇದೆ. ಅದರ ಮೇಲೆ ಹಿಡಿದ ಬಿಂದು ಮಾತ್ರ ಬೇರೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ವೃತ್ತಕ್ಕೆ ಮಣ್ಣು ಎಂದರೇನು ಎಂದೇ ಗೊತ್ತಿಲ್ಲ. σ₁ = 340, σ₃ = 100 ಎಂದು ಕೊಟ್ಟರೆ ಉಕ್ಕಿಗೂ ಅದೇ ವೃತ್ತ, ಮರಳಿಗೂ ಅದೇ ವೃತ್ತ. ಒಂದು ಚೂರು ವಸ್ತುವಿನ ಮೇಲೆ ಎಲ್ಲ ಬಲಗಳೂ ಸಮತೋಲದಲ್ಲಿದ್ದರೆ, ಬೇರೆ ಬೇರೆ ಓರೆಯ ಪ್ಲೇನ್‌ಗಳ ಮೇಲೆ ಎಷ್ಟು ನಾರ್ಮಲ್ ಸ್ಟ್ರೆಸ್, ಎಷ್ಟು ಶಿಯರ್ ಸ್ಟ್ರೆಸ್ ಬರುತ್ತದೆ ಎನ್ನುವುದನ್ನಷ್ಟೇ ಅದು ಹೇಳುತ್ತದೆ. ವೃತ್ತದ ಒಂದೊಂದು ಬಿಂದು ಒಂದೊಂದು ಪ್ಲೇನ್. ಮಣ್ಣಿನ ಗುಣ ಬರುವುದು ಕೂಲಂಬ್‌ರ ಗೆರೆಯಲ್ಲಿ. ಒಂದು ಪ್ಲೇನ್ ಮೇಲೆ ಇಷ್ಟು ಒತ್ತಿದ್ದರೆ ಅಲ್ಲಿ ಇಷ್ಟು ಶಿಯರ್ ತಡೆದುಕೊಳ್ಳುತ್ತದೆ ಎಂದು ಆ ಗೆರೆ ಹೇಳುತ್ತದೆ. ಕೂಲಂಬ್ ಇದನ್ನು ಪ್ರಕಟಿಸಿದ್ದು 1776ರಲ್ಲಿ, ಮೋರ್ ವೃತ್ತ ಬಂದದ್ದು 1882ರಲ್ಲಿ. ನೂರು ವರ್ಷದ ಅಂತರದಲ್ಲಿ ಹುಟ್ಟಿದ ಇವೆರಡನ್ನೂ ಒಂದೇ ಚಿತ್ರದಲ್ಲಿ ಇಟ್ಟಾಗ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ನೀವು ವೃತ್ತವನ್ನು ಮಾತ್ರ ನೋಡಿದ್ದೀರಿ.

ಗೆರೆಯನ್ನು ಹುಡುಕೋಣ. ಸೆಲ್ ಪ್ರೆಶರ್ 100 ಜಾಸ್ತಿ ಮಾಡಿದಾಗ σ₁ 300 ಜಾಸ್ತಿ ಆಗಿದೆ, ಅಂದರೆ ಮೂರು ಪಟ್ಟು. ಆ ಮೂರು ಎನ್ನುವುದು tan²(45 + φ/2), ಇಲ್ಲಿ φ ಎಂದರೆ ಕೂಲಂಬ್ ಗೆರೆಯ ಓರೆ. ಹಾಗಾಗಿ φ = 30°. ಇನ್ನು ಮೊದಲ ಟೆಸ್ಟಿನಲ್ಲಿ 100ರ ಮೂರು ಪಟ್ಟು 300 ಆಗಿ, 340ಕ್ಕೆ 40 ಕಮ್ಮಿ ಬೀಳುತ್ತದೆ. ಅದು ಕೊಹೆಷನ್‌ನ ಪಾಲು:

```
σ₁ = 3σ₃ + 2c√3
340 = 300 + 3.464c
c = 11.55
```

ಗೆರೆ ಸಿಕ್ಕಿತು: τ = 11.55 + σ × 0.577.

ಈಗ ನೀವು ಹಿಡಿದ ನೆತ್ತಿಯ ಬಿಂದುವಿಗೆ ಹೋಗೋಣ. ಅದು 45° ಓರೆಯ ಪ್ಲೇನ್. ಅಲ್ಲಿ ಶಿಯರ್ 120, ಸರಿಯೇ. ಆದರೆ ಅದೇ ಪ್ಲೇನ್ ಮೇಲೆ ನಾರ್ಮಲ್ ಸ್ಟ್ರೆಸ್ ಎಷ್ಟು? ವೃತ್ತದ ಕೇಂದ್ರದಷ್ಟು, ಅಂದರೆ 220. ಅಷ್ಟು ಒತ್ತಿದ ಪ್ಲೇನ್ ಎಷ್ಟು ಶಿಯರ್ ತಡೆಯುತ್ತದೆ? 11.55 + 220 × 0.577, ಸುಮಾರು 138.6. ಬಂದ ಶಿಯರ್ 120, ತಡೆಯುವ ಶಕ್ತಿ 138.6. ಅಲ್ಲಿ ಜಾರುವುದಿಲ್ಲ. ನೆಲದ ಮೇಲಿನ ಅಕ್ಕಿ ಮೂಟೆಯನ್ನು ತಳ್ಳುವಾಗ ಮೇಲೊಬ್ಬ ಕೂತರೆ ಹೇಗೋ ಹಾಗೆ. ತಳ್ಳುವ ಬಲ ಸ್ವಲ್ಪ ಜಾಸ್ತಿ ಮಾಡಿದರೂ ಒತ್ತಡವೂ ಏರಿರುವುದರಿಂದ ಮೂಟೆ ಕದಲುವುದಿಲ್ಲ.

ಇನ್ನು 60° ಪ್ಲೇನ್. ಇಲ್ಲಿ ಕೋನವನ್ನು σ₁ ಕೆಲಸ ಮಾಡುವ ಪ್ಲೇನ್‌ನಿಂದ ಅಳೆಯಬೇಕು. ಟ್ರೈಆಕ್ಸಿಯಲ್‌ನಲ್ಲಿ ಅದು ಅಡ್ಡ ಪ್ಲೇನ್, ಮೇಲಿನ ಕ್ಯಾಪ್‌ಗೆ ಸಮಾಂತರ. ವೃತ್ತದ ಕೇಂದ್ರದಲ್ಲಿ ಆ ಕೋನ ಎರಡರಷ್ಟು ಆಗುತ್ತದೆ, 120°:

```
σ = 220 + 120 cos 120° = 160
τ = 120 sin 120° = 103.9
```

ತಡೆಯುವ ಶಕ್ತಿ 11.55 + 160 × 0.577 = 103.9. ಎರಡೂ ಸಮ. ಇಲ್ಲಿ ಶಿಯರ್ 120ರಿಂದ 104ಕ್ಕೆ ಇಳಿದಿದೆ ನಿಜ, ಆದರೆ ನಾರ್ಮಲ್ ಸ್ಟ್ರೆಸ್ 220ರಿಂದ 160ಕ್ಕೆ ಇಳಿದು, ಅದರ ಜೊತೆ ಮಣ್ಣಿನ ಹಿಡಿತವೂ 138.6ರಿಂದ 104ಕ್ಕೆ ಬಂದಿದೆ. ಹಿಡಿತ ಜಾಸ್ತಿ ಇಳಿದದ್ದರಿಂದ ಜಾರುವಿಕೆ ಈ ಪ್ಲೇನ್ ಮೇಲೆ.

60 ಎನ್ನುವುದು ಎಲ್ಲಿಂದ ಬಂತು ಎಂದು ಬಾಯಿಪಾಠ ಮಾಡಬೇಡಿ, ಚಿತ್ರದಲ್ಲೇ ಇದೆ. ಗೆರೆ ವೃತ್ತವನ್ನು ಮುಟ್ಟುವ ಜಾಗಕ್ಕೆ ಕೇಂದ್ರದಿಂದ ತ್ರಿಜ್ಯ ಎಳೆದರೆ ಅದು ಗೆರೆಗೆ ಲಂಬ. ಗೆರೆ ಅಡ್ಡ ಅಕ್ಷವನ್ನು ಎಡಗಡೆ φ ಕೋನದಲ್ಲಿ ಸೇರುತ್ತದೆ. ಈ ತ್ರಿಕೋನದಲ್ಲಿ ಎರಡು ಕೋನ φ ಮತ್ತು 90 ಆದರೆ, ಕೇಂದ್ರದ ಬಲಗಡೆಯಿಂದ ತ್ರಿಜ್ಯದವರೆಗಿನ ಹೊರಕೋನ 90 + φ. ಅದು 2θ. ಹಾಗಾಗಿ θ = 45 + φ/2. ಅಷ್ಟೇ.

ಲ್ಯಾಬಿನಲ್ಲಿ ಫೇಲ್ ಆದ ಸ್ಯಾಂಪಲ್ ಮೇಲೆ ಕೋನಮಾಪಕ ಇಟ್ಟು φ ಹುಡುಕಲು ಹೊರಡುವವರಿದ್ದಾರೆ. ಅದು ಬೇಡ. 38 ಮಿಲಿಮೀಟರ್ ದಪ್ಪ, 76 ಮಿಲಿಮೀಟರ್ ಉದ್ದದ ಸ್ಯಾಂಪಲ್‌ನ ರಬ್ಬರ್ ಪೊರೆ ಸುಲಿದು ನೋಡಿದರೆ ಓರೆಯಾದ ಒಂದು ಜಾರು ಗೆರೆ ಕಾಣಬಹುದು. ಎಷ್ಟೋ ಸಲ ಅದೂ ಕಾಣುವುದಿಲ್ಲ, ಸ್ಯಾಂಪಲ್ ನಡುವೆ ಉಬ್ಬಿಕೊಂಡು ನಿಂತಿರುತ್ತದೆ. ಗೆರೆ ಕಂಡರೂ 60 ಸರಿಯಾಗಿ ಬರಬೇಕೆಂದಿಲ್ಲ. ಯಾಕೆ ಎಂದು ಇದೇ ವೃತ್ತದಲ್ಲಿ ನೋಡಿ. 55° ಪ್ಲೇನ್ ಮೇಲೆ ಶಿಯರ್ 112.8, ತಡೆಯುವ ಶಕ್ತಿ 114.9. 65° ಪ್ಲೇನ್ ಮೇಲೆ 91.9 ಮತ್ತು 94. ಅಂದರೆ ಐದು ಡಿಗ್ರಿ ಆಚೀಚೆ ಹೋದರೂ ಮಣ್ಣು ತನ್ನ ಶಕ್ತಿಯ ಶೇಕಡಾ 98ರಷ್ಟು ಬಳಸಿಕೊಂಡಾಗಿದೆ. ಸ್ಯಾಂಪಲ್‌ನಲ್ಲಿ ಒಂದು ಮುರಕಲ್ಲಿನ ಚೂರೋ, ಒಂದು ಮೆತ್ತಗಿನ ಪದರವೋ ಇದ್ದರೆ ಜಾರುವಿಕೆ ಸುಲಭವಾಗಿ ಆ ಕಡೆ ಹೊರಳುತ್ತದೆ. φ ಬೇಕಿದ್ದರೆ ಎರಡು ಮೂರು ವೃತ್ತ ಬರೆದು ಗೆರೆಯಿಂದಲೇ ತೆಗೆಯಿರಿ.

ಇನ್ನು ಚಿತ್ರ ಬರೆಯುವ ವಿಷಯ. ನನಗೆ ಸೂತ್ರಕ್ಕಿಂತ ಪೋಲ್ ವಿಧಾನ ಇಷ್ಟ. ಚಿಹ್ನೆಯ ಗೊಂದಲ ಅದರಲ್ಲಿ ಕಮ್ಮಿ, ಪ್ಲೇನ್ ಎತ್ತ ವಾಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ σ, ಮೇಲಕ್ಕೆ τ ಇಟ್ಟು ವೃತ್ತ ಬರೆಯಿರಿ. ಯಾವುದಾದರೂ ಒಂದು ಪ್ಲೇನ್ ಮೇಲಿನ ಸ್ಟ್ರೆಸ್ ಗೊತ್ತಿದ್ದರೆ ಸಾಕು. ಆ ಬಿಂದುವಿನಿಂದ ಆ ಪ್ಲೇನ್‌ಗೆ ಸಮಾಂತರವಾಗಿ ಗೆರೆ ಎಳೆಯಿರಿ, ಅದು ವೃತ್ತವನ್ನು ಮತ್ತೆ ಎಲ್ಲಿ ಮುಟ್ಟುತ್ತದೋ ಅದೇ ಪೋಲ್. ನಿಮ್ಮ ಲೆಕ್ಕದಲ್ಲಿ ಅಡ್ಡ ಪ್ಲೇನ್ ಮೇಲೆ 340 ಇದೆ. (340, 0) ಬಿಂದುವಿನಿಂದ ಅಡ್ಡ ಗೆರೆ ಎಳೆದರೆ ವೃತ್ತವನ್ನು ಮತ್ತೆ ಮುಟ್ಟುವುದು (100, 0)ದಲ್ಲಿ. ಅದು ಪೋಲ್. ಇನ್ನು ಯಾವ ಪ್ಲೇನ್ ಬೇಕೋ ಅದೇ ಓರೆಯಲ್ಲಿ ಪೋಲ್‌ನಿಂದ ಗೆರೆ ಎಳೆಯಿರಿ, ದುಪ್ಪಟ್ಟು ಕೋನದ ಗೊಡವೆ ಇಲ್ಲ. 60° ಓರೆಯಲ್ಲಿ ಎಳೆದರೆ ಗೆರೆ ವೃತ್ತವನ್ನು (160, 103.9)ರಲ್ಲಿ ಮುಟ್ಟುತ್ತದೆ. 60 ಮುಂದೆ ಹೋಗಿ 103.9 ಮೇಲೆ, tan 60° ಸರಿ ಹೊಂದುತ್ತದೆ.

ಇಲ್ಲಿ ಮಕ್ಕಳು ಜಾಸ್ತಿ ಎಡವುವುದು ಸ್ಕೇಲಿನಲ್ಲಿ. ಎರಡೂ ಅಕ್ಷಕ್ಕೆ ಒಂದೇ ಸ್ಕೇಲ್ ಇರಲೇಬೇಕು. ಎಕ್ಸೆಲ್‌ನಲ್ಲಿ ಚಾರ್ಟ್ ಬರೆದರೆ ಅದು ಜಾಗ ತುಂಬಲು ತನ್ನಿಷ್ಟದಂತೆ ಎಳೆಯುತ್ತದೆ, ವೃತ್ತ ಮೊಟ್ಟೆ ಆಕಾರಕ್ಕೆ ಬರುತ್ತದೆ. ಆ ಚಿತ್ರದ ಮೇಲೆ ಅಳೆದ ಕೋನ ಯಾವುದೂ ನಂಬುವಂಥದ್ದಲ್ಲ. ಮೊಟ್ಟೆ ಕಂಡ ಕೂಡಲೇ ಅಲ್ಲೇ ನಿಲ್ಲಿಸಿ, ಅಕ್ಷ ಸರಿಮಾಡಿ. ಇನ್ನೊಂದು, ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಎಳೆತ ಪ್ಲಸ್, ಮಣ್ಣಿನ ಪುಸ್ತಕದಲ್ಲಿ ಒತ್ತಡ ಪ್ಲಸ್. ಎರಡೂ ಪುಸ್ತಕ ಪಕ್ಕದಲ್ಲಿಟ್ಟು ಲೆಕ್ಕ ಮಾಡಿದರೆ ಗೊಂದಲ ಗ್ಯಾರಂಟಿ.

ಈಗ ನಿಮ್ಮ ಮನೆ ಹಿಂದಿನ ಗೋಡೆ. ನಮ್ಮ ಕರಾವಳಿಯಲ್ಲಿ ಗುಡ್ಡ ಕಡಿದರೆ ಕಾಣುವುದು ಹೀಗೆ: ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರಡಿ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಶೇಡಿ ಮಣ್ಣು. ಬೇಸಗೆಯಲ್ಲಿ ಜೆಸಿಬಿ ಕಡಿದಾಗ ಶೇಡಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಕೈಯಲ್ಲಿ ಹಿಚುಕಿದಷ್ಟು ಸುಲಭಕ್ಕೆ ಬಿಡುತ್ತದೆ. ಮೇಲಿನ c ಮತ್ತು φ ಪಾಠದ ಲೆಕ್ಕದ ಅಂಕಿ, ನಿಮ್ಮ ಗುಡ್ಡದ್ದಲ್ಲ. ಆದರೂ ಅದನ್ನೇ ಇಟ್ಟು ನೋಡಿದರೆ ವೃತ್ತ ಹೇಗೆ ವರ್ತಿಸುತ್ತದೆ ಎಂದು ಕಾಣುತ್ತದೆ.

ಗೋಡೆಯ ಬುಡದ ಮಟ್ಟದಲ್ಲಿ, ಹಿಂದಿನ ಮಣ್ಣಿನಲ್ಲಿ ಒಂದು ಬಿಂದು ತೆಗೆದುಕೊಳ್ಳಿ. ಮೇಲೆ 4 ಮೀಟರ್ ಮಣ್ಣು, ಘನಮೀಟರಿಗೆ 18 ಕಿಲೋನ್ಯೂಟನ್ ತೂಕ ಎಂದರೆ σ₁ = 72. ಗೋಡೆ ಅಡ್ಡಕ್ಕೆ 20 ಕೊಟ್ಟು ಹಿಡಿದಿದೆ ಎಂದಿಟ್ಟುಕೊಳ್ಳಿ, σ₃ = 20. ಕೇಂದ್ರ 46, ತ್ರಿಜ್ಯ 26. ಆ ಕೇಂದ್ರದಲ್ಲಿ ವೃತ್ತ ಎಷ್ಟು ದೊಡ್ಡದಾದರೆ ಗೆರೆಯನ್ನು ಮುಟ್ಟುತ್ತದೆ? ಕೇಂದ್ರದಿಂದ ಗೆರೆಗೆ ಇರುವ ದೂರ ನೋಡಿದರೆ ಆಯ್ತು:

```
c cos φ + (ಕೇಂದ್ರ) sin φ = 10 + 23 = 33
```

26 ಇದೆ, 33ರವರೆಗೆ ಅವಕಾಶ ಇದೆ. ಮಣ್ಣು ಆರಾಮಾಗಿದೆ.

ಆಟಿ ತಿಂಗಳ ಮಳೆ ಬಂತು, ಗೋಡೆಯ ತೂತುಗಳು ಕಟ್ಟಿಕೊಂಡಿವೆ, ಹಿಂದೆ ನೀರು ನಿಂತಿತು ಅನ್ನಿ. ನೀರಿಗೆ ಶಿಯರ್ ತಡೆಯುವ ಶಕ್ತಿ ಇಲ್ಲ. ಅದು ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ. ಹಾಗಾಗಿ σ₁ನಿಂದಲೂ σ₃ನಿಂದಲೂ ಅದೇ ನೀರಿನ ಒತ್ತಡ u ಕಳೆಯುತ್ತದೆ. ವೃತ್ತದ ಗಾತ್ರ ಬದಲಾಗುವುದಿಲ್ಲ, ಇಡೀ ವೃತ್ತ ಎಡಕ್ಕೆ ಸರಿಯುತ್ತದೆ. ಗೆರೆ ಇದ್ದಲ್ಲೇ ಇದೆ. ಎಡಕ್ಕೆ ಹೋದಷ್ಟೂ ಗೆರೆ ತಗ್ಗು. ಎಷ್ಟು ಸರಿದರೆ ಮುಟ್ಟುತ್ತದೆ? ಅವಕಾಶ 33ರಿಂದ 26ಕ್ಕೆ ಇಳಿಯಬೇಕು, ಅಂದರೆ ಕೇಂದ್ರ 14 ಹಿಂದೆ ಬರಬೇಕು. u = 14. ಇದು 1.4 ಮೀಟರ್ ಚಿಲ್ಲರೆ ನೀರಿನ ಎತ್ತರ. ನಾಲ್ಕು ಮೀಟರ್ ಗೋಡೆಗೆ ಅರ್ಧದಷ್ಟೂ ನೀರು ಬೇಡ ಮಾರಾಯ್ರೆ.

ಆಗ ಮಣ್ಣಿನ ಕಣಗಳ ನಡುವಿನ ಸ್ಟ್ರೆಸ್ 58 ಮತ್ತು 6, ಕೇಂದ್ರ 32. ಜಾರುವ ಪ್ಲೇನ್ ಮೇಲೆ:

```
σ' = 32 − 26 × 0.5 = 19
τ  = 26 × 0.866 = 22.5
ಹಿಡಿತ = 11.55 + 19 × 0.577 = 22.5
```

ಶಿಯರ್ ಸ್ಟ್ರೆಸ್ ಬೇಸಗೆಯಲ್ಲೂ ಈ ಪ್ಲೇನ್ ಮೇಲೆ 22.5 ಇತ್ತು, ಈಗಲೂ ಅಷ್ಟೇ ಇದೆ. ಮಳೆ ತಳ್ಳುವ ಶಿಯರನ್ನು ಜಾಸ್ತಿ ಮಾಡಿಲ್ಲ. ನಾರ್ಮಲ್ ಸ್ಟ್ರೆಸ್ 33ರಿಂದ 19ಕ್ಕೆ ಇಳಿದು ಹಿಡಿತ ಹೋಗಿದೆ. ಜಾರುವ ಪ್ಲೇನ್ ಮೇಲೆ ಎರಡನ್ನೂ ಬೇರೆ ಬೇರೆ ಲೆಕ್ಕ ಮಾಡಿ ಎಂದು ಮೇಷ್ಟ್ರು ಹಠ ಹಿಡಿಯುವುದು ಇದಕ್ಕೇ.

ಇದು ಗೋಡೆ ಬೀಳುವ ಕ್ಷಣ ಎಂದು ತಿಳಿಯಬೇಡಿ. ಮಣ್ಣಿನ ಹತ್ತಿರ ಉಳಿತಾಯ ಮುಗಿದ ಕ್ಷಣ. ಇದರಾಚೆ u 20ಕ್ಕೆ ಹೋದರೆ ಮಣ್ಣನ್ನು ನಿಲ್ಲಿಸಲು ಗೋಡೆ 24 ಕೊಡಬೇಕು, ಅದರಲ್ಲಿ 20 ಬರೀ ನೀರಿನದು. ನೀರೇ ಇಲ್ಲದಿದ್ದರೆ 10.7 ಸಾಕಿತ್ತು. ಗೋಡೆಗೆ ಅಷ್ಟು ತಾಕತ್ತು ಇದೆಯಾ ಎನ್ನುವುದು ಬೇರೆಯೇ ಲೆಕ್ಕ. ಇನ್ನು ಬೇಸಗೆಯಲ್ಲಿ ಗೋಡೆಯೇ ಇಲ್ಲದೆ ಶೇಡಿ ನಿಲ್ಲುವುದಕ್ಕೂ ಇದೇ ಚಿತ್ರ ಸಾಕು. ಅರೆಒಣಗಿದ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಎಳೆದು ಹಿಡಿದಿರುತ್ತದೆ, u ಮೈನಸ್. ವೃತ್ತ ಬಲಕ್ಕೆ ಸರಿದು ಗೆರೆಯಿಂದ ದೂರ ನಿಂತಿರುತ್ತದೆ. ಆ ಮೈನಸ್ ಮಳೆಗೆ ಕರಗುತ್ತದೆ. ಫೆಬ್ರವರಿಯಲ್ಲಿ ಕಡಿದು "ನೋಡಿ, ಏನೂ ಆಗಿಲ್ಲ" ಎಂದ ಗುಡ್ಡ ಜುಲೈಯಲ್ಲಿ ಜರಿಯುವುದು ಹಾಗೆ. ನಿಜದ ಶೇಡಿಯಲ್ಲಿ ನೆನೆದಾಗ c ಕೂಡ ಇಳಿಯುತ್ತದೆ, ಅಂದರೆ ಗೆರೆಯೂ ಕೆಳಗೆ ಬರುತ್ತದೆ. ಹಾಗಾಗಿ ಟೆಸ್ಟ್ ಮಾಡಿಸುವುದಾದರೆ ಪೂರ್ತಿ ನೆನೆಸಿದ ಸ್ಯಾಂಪಲ್ ಮೇಲೆ ಮಾಡಿಸಿ.

ಪೋಲ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಗೋಡೆ ಮುಂದಕ್ಕೆ ಜರುಗಿ ಮಣ್ಣು ಸಡಿಲವಾಗುವಾಗ σ₁ ನೆಟ್ಟಗೆ, ಪೋಲ್ ಎಡಗಡೆ, ಜಾರುವ ಪ್ಲೇನ್ ಅಡ್ಡಕ್ಕೆ 60°. ಬುಡದಿಂದ 60°ಯಲ್ಲಿ ಮೇಲಕ್ಕೆ ಗೆರೆ ಎಳೆದರೆ 4 ಮೀಟರ್ ಮೇಲೆ ಅದು ಗೋಡೆಯಿಂದ 2.3 ಮೀಟರ್ ಹಿಂದೆ ನೆಲಕ್ಕೆ ಬರುತ್ತದೆ. ಮೇಲಿನ ತೋಟದಲ್ಲಿ, ಗೋಡೆಗೆ ಸಮಾಂತರವಾಗಿ, ಹೆಚ್ಚುಕಮ್ಮಿ ಅಷ್ಟು ದೂರದೊಳಗೆ ಉದ್ದನೆ ಬಿರುಕು ಬಿಟ್ಟಿದೆಯಾ ನೋಡಿ. ಜೋರು ಮಳೆಯಲ್ಲೂ ಗೋಡೆಯ ತೂತುಗಳಿಂದ ನೀರು ಬರುತ್ತಿಲ್ಲ, ಆದರೆ ಕಲ್ಲಿನ ಸಂದಿಯಲ್ಲಿ ಒಸರುತ್ತಿದೆ ಎಂದರೆ ಹಿಂದೆ ನೀರು ತುಂಬಿದೆ. ಬಿರುಕು ಇದ್ದರೆ, ಅಥವಾ ಗೋಡೆ ನಡುವೆ ಹೊಟ್ಟೆ ಬಂದಿದ್ದರೆ ಲೆಕ್ಕ ಮಾಡುತ್ತಾ ಕೂರಬೇಡಿ. ಗೋಡೆ ಕಡೆಯ ಕೋಣೆಯಲ್ಲಿ ಮಲಗುವುದು ಬಿಟ್ಟು, ಅನುಭವ ಇರುವ ಇಂಜಿನಿಯರನ್ನು ಸ್ಥಳಕ್ಕೆ ಕರೆಸಿ. ಶೇಡಿಯಲ್ಲಿ ಹಳೆಯ ಬಂಡೆಯ ಬಿರುಕಿನ ಗುರುತು ಹಾಗೇ ಉಳಿದಿರುತ್ತದೆ. ಅದು ಮನೆ ಕಡೆ ವಾಲಿದ್ದರೆ ಜಾರುವಿಕೆ 60°ಯನ್ನು ಕೇಳದೆ ಅದರ ಮೇಲೇ ಆಗಬಹುದು.

ಇದಕ್ಕೆ ಉಲ್ಟಾ ಪರಿಸ್ಥಿತಿಯೂ ಇದೆ, ಗೋಡೆಯೇ ಮಣ್ಣನ್ನು ಅಡ್ಡಕ್ಕೆ ದೂಡುವಂಥದ್ದು. ಆಗ σ₁ ಅಡ್ಡಕ್ಕೆ. ನಿಮ್ಮ ಮೊದಲ ಟೆಸ್ಟಿನ ವೃತ್ತವನ್ನೇ ಇಟ್ಟುಕೊಳ್ಳಿ, ಪೋಲ್ ಮಾತ್ರ (340, 0)ಗೆ ಹೋಗುತ್ತದೆ. ಅಲ್ಲಿಂದ ಅದೇ ಮುಟ್ಟುವ ಬಿಂದುವಿಗೆ ಗೆರೆ ಎಳೆದರೆ ಓರೆ 30°. σ ಅದೇ 160, τ ಅದೇ 103.9, ಪ್ಲೇನ್ ಮಾತ್ರ ಮಲಗಿಕೊಂಡಿತು. ಪರೀಕ್ಷೆಯಲ್ಲಿ "ಕೋನ 45 + φ/2" ಎಂದಷ್ಟೇ ಬರೆದು, ಯಾವುದರಿಂದ ಎಂದು ಹೇಳದೆ ಬಿಟ್ಟರೆ ಮಾರ್ಕ್ಸ್ ಹೋಗುವುದು ಇದಕ್ಕೆ.

ನೀವು ಬರೆದ 120ರ ಬಗ್ಗೆ ಇನ್ನೊಂದು ಮಾತು. ನೆತ್ತಿಯ ಬಿಂದುವನ್ನು ಹಿಡಿಯುವ ಅಭ್ಯಾಸ ಹೆಚ್ಚಾಗಿ ಅನ್‌ಡ್ರೇನ್ಡ್ ಟೆಸ್ಟಿನಿಂದ ಬಂದಿರುತ್ತದೆ. ನೆನೆದ ಜೇಡಿಯಲ್ಲಿ ನೀರು ಹೊರಗೆ ಹೋಗಲು ಬಿಡದೆ ಟೆಸ್ಟ್ ಮಾಡಿದರೆ ಒಟ್ಟು ಸ್ಟ್ರೆಸ್‌ನ ವೃತ್ತಗಳೆಲ್ಲ ಒಂದೇ ಗಾತ್ರ ಬರುತ್ತವೆ, ಗೆರೆ ಅಡ್ಡಕ್ಕೆ ಮಲಗುತ್ತದೆ, φ = 0. ಗೆರೆ ಮುಟ್ಟುವುದು ನೆತ್ತಿಯಲ್ಲೇ. ತ್ರಿಜ್ಯವನ್ನೇ cᵤ ಎಂದು ಕರೆಯುತ್ತೇವೆ, ಡಿಸೈನಿಗೆ ಅದು ನಡೆಯುತ್ತದೆ. ಹಾಗೆಂದು ಆ ಸ್ಯಾಂಪಲ್ ನಿಜವಾಗಿ 45°ಯಲ್ಲಿ ಜಾರುತ್ತದೆ ಎಂದಲ್ಲ. ಒಳಗೆ ಕಣಗಳ ನಡುವಿನ ಸ್ಟ್ರೆಸ್‌ಗೆ ಅದರದೇ ವೃತ್ತ, ಅದರದೇ φ′ ಇದೆ, ಅಲ್ಲಿ ಮುಟ್ಟುವುದು 45 + φ′/2 ಪ್ಲೇನ್ ಮೇಲೆಯೇ. ಪೊರೆ ಸುಲಿದಾಗ ಜಾರು ಗೆರೆ 45ಕ್ಕಿಂತ ಕಡಿದಾಗಿ ಕಂಡರೆ ಟೆಸ್ಟ್ ತಪ್ಪಾಗಿದೆ ಎಂದು ಸ್ಯಾಂಪಲ್ ಎಸೆಯಬೇಡಿ.